ಇಲ್ಲದ ಹೆಬ್ಬೆರಳು ನೋಯುವುದು ಹೇಗೆ?

ದೊಡ್ಡಪ್ಪನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದು ಮೂರು ವಾರ ಆಗಿತ್ತು. ಸಕ್ಕರೆ ಕಾಯಿಲೆ, ಹೆಬ್ಬೆರಳಲ್ಲಿ ಹುಣ್ಣು, ಅದು ಮಾಯದೆ ಕೊಳೆತು ಮೇಲಕ್ಕೆ ಹತ್ತಿದ್ದು. ನಮ್ಮಲ್ಲಿ ತುಂಬ ಮನೆಗಳಿಗೆ ಗೊತ್ತಿರುವ ಕತೆ. ಒಂದು ರಾತ್ರಿ ಎರಡು ಗಂಟೆಗೆ ಅವರು ಎದ್ದು ಕೂತು ದೊಡ್ಡಮ್ಮನನ್ನು ಕರೆದರು. “ಹೆಬ್ಬೆರಳನ್ನ ಯಾರೋ ಇಕ್ಕಳದಲ್ಲಿ ಹಿಡಿದು ತಿರುವಿದ ಹಾಗಾಗ್ತಿದೆ ಕಣೇ.” ದೊಡ್ಡಮ್ಮ ಎಡಗಾಲು ನೀವಲು ಹೋದರು. “ಅದಲ್ಲ, ಬಲಗಾಲಿಂದು” ಅಂದರು ದೊಡ್ಡಪ್ಪ.

ಬೆಳಗ್ಗೆ ದೊಡ್ಡಮ್ಮ ನನಗೆ ಫೋನ್ ಮಾಡಿದಾಗ ಗಾಬರಿಯಲ್ಲಿದ್ದರು. ತೆಗೆದ ಕಾಲನ್ನು ಸರಿಯಾಗಿ ಮಣ್ಣು ಮಾಡಿಲ್ಲವೇನೋ ಎಂದು ಪಕ್ಕದ ಮನೆಯವರು ಬೇರೆ ಹೇಳಿದ್ದರಂತೆ. ನಾನು ಫಿಸಿಯೋಥೆರಪಿಸ್ಟ್. ಈ ಮಾತನ್ನು ಬೇರೆ ಬೇರೆ ಊರಿನವರ ಬಾಯಲ್ಲಿ ಕೇಳಿದ್ದೇನೆ. ಕೈಯೋ ಕಾಲೋ ಕಳೆದುಕೊಂಡವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಆ ಇಲ್ಲದ ಭಾಗದಲ್ಲೇ ನೋವು ಬರುತ್ತದೆ. ತಲೆ ಕೆಟ್ಟದ್ದಲ್ಲ, ಪಿಶಾಚಿಯೂ ಅಲ್ಲ. ಆದರೆ ಇದು ಅರ್ಥವಾಗಬೇಕಾದರೆ ಮೊದಲು ಇನ್ನೊಂದು ಪ್ರಶ್ನೆ ಕೇಳಬೇಕು: ಕಾಲು ಇದ್ದಾಗಲಾದರೂ ಹೆಬ್ಬೆರಳು ನೋಯುವುದು ಹೇಗೆ?

ಹೊಸಿಲಿಗೆ ಹೆಬ್ಬೆರಳು ಎಡವಿದ್ದನ್ನು ನೆನಪಿಸಿಕೊಳ್ಳಿ. ಮೊದಲು ಚುರುಕ್ ಅಂತ ಒಂದು ನೋವು. ‘ಅಯ್ಯೋ, ಈಗ ಶುರುವಾಗುತ್ತೆ’ ಅಂದುಕೊಳ್ಳುವಷ್ಟು ಪುರುಸೊತ್ತು. ಆಮೇಲೆ ಹಿಂಡುವಂಥ, ಉರಿಯುವಂಥ ಎರಡನೇ ನೋವು. ಆ ನಡುವಿನ ಪುರುಸೊತ್ತು ಸುಮ್ನೆ ಅನಿಸಿದ್ದಲ್ಲ. ಬೆರಳಿನಿಂದ ಸುದ್ದಿ ಒಯ್ಯುವ ನರತಂತುಗಳಲ್ಲಿ ಎರಡು ಜಾತಿ ಇವೆ. ಎ-ಡೆಲ್ಟಾ ಎಂಬ ತಂತುಗಳಿಗೆ ತೆಳುವಾದ ಕೊಬ್ಬಿನ ಹೊದಿಕೆ ಇರುತ್ತದೆ. ಅವುಗಳಲ್ಲಿ ಸಿಗ್ನಲ್ ಸೆಕೆಂಡಿಗೆ ಸುಮಾರು 5ರಿಂದ 30 ಮೀಟರ್ ಓಡುತ್ತದೆ. ಸಿ ತಂತುಗಳಿಗೆ ಹೊದಿಕೆ ಇಲ್ಲ, ಅಲ್ಲಿ ವೇಗ ಸೆಕೆಂಡಿಗೆ ಒಂದು ಮೀಟರಿನ ಆಸುಪಾಸು. ಹೆಬ್ಬೆರಳಿನಿಂದ ಬೆನ್ನುಹುರಿಗೆ ದೂರ ಹೆಚ್ಚುಕಡಿಮೆ ಒಂದು ಮೀಟರ್. ಲೆಕ್ಕ ಹಾಕಿ ನೋಡಿ. ಮೊದಲ ಸುದ್ದಿ ಕಣ್ಣು ಮಿಟುಕಿಸುವುದರಲ್ಲಿ ತಲುಪಿರುತ್ತದೆ, ಎರಡನೆಯದಕ್ಕೆ ಒಂದು ಸೆಕೆಂಡು ಬೇಕು.

ಈ ತಂತುಗಳ ತುದಿ ಚರ್ಮದಲ್ಲಿ ಬೇರಿನಂತೆ ಹರಡಿಕೊಂಡಿರುತ್ತದೆ. ಇವಕ್ಕೆ ನೊಸಿಸೆಪ್ಟರ್ ಎಂದು ಹೆಸರು. ಇವು ನೋವನ್ನು ಹಿಡಿಯುವುದಿಲ್ಲ, ಅಪಾಯವನ್ನು ಹಿಡಿಯುತ್ತವೆ. ಈ ಎರಡರ ವ್ಯತ್ಯಾಸವೇ ಈ ಲೇಖನದ ಗುಟ್ಟು. ಜೋರಾಗಿ ಅದುಮಿದರೆ, ಅಂಗಾಂಶ ಜಜ್ಜಿ ಒಳಗಿನ ರಸಾಯನಗಳು ಸೋರಿದರೆ, ಬಿಸಿ ಹೆಚ್ಚಾದರೆ ಅವುಗಳ ಮೈಮೇಲಿನ ಪುಟ್ಟ ಬಾಗಿಲುಗಳು ತೆರೆದುಕೊಳ್ಳುತ್ತವೆ. ಇಂಥ ಬಾಗಿಲುಗಳಲ್ಲಿ ಒಂದರ ಹೆಸರು ಟಿಆರ್‌ಪಿವಿ1. ಅದು ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ತೆರೆಯುತ್ತದೆ. ಮೆಣಸಿನಕಾಯಿಯ ಖಾರ, ಅಂದರೆ ಕ್ಯಾಪ್ಸೈಸಿನ್ ತಾಗಿದರೂ ತೆರೆಯುತ್ತದೆ! 1997ರಲ್ಲಿ ಇದನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ಹಸಿಮೆಣಸಿನಕಾಯಿ ಹೆಚ್ಚಿದ ಕೈ ಗಂಟೆಗಟ್ಟಲೆ ಉರಿಯುತ್ತದೆ ಅಲ್ವಾ? ಕೈ ಬಿಸಿಯಾಗಿಲ್ಲ, ಸುಟ್ಟಿಲ್ಲ. ಆದರೆ ಬೆಂಕಿ ಸುದ್ದಿ ಒಯ್ಯುವ ತಂತಿಯಲ್ಲಿ ಸಿಗ್ನಲ್ ಹೊರಟಿದೆ. ಮೆದುಳು ಅದನ್ನು ‘ಉರಿ’ ಎಂದೇ ಓದುತ್ತದೆ. ಸಿಗ್ನಲ್ ಯಾಕೆ ಹೊರಟಿತು ಎಂದು ಕೇಳಲು ಅದಕ್ಕೆ ದಾರಿ ಇಲ್ಲ.

ಎಲ್ಲಿಂದ ಹೊರಟಿತು ಎಂದು ಕೇಳಲೂ ದಾರಿ ಇಲ್ಲ. ಲ್ಯಾಂಡ್‌ಲೈನ್ ಕಾಲದ ಲೈನ್‌ಮನ್ ನೆನಪಿದ್ದಾರಾ? ಕಂಬ ಹತ್ತಿ, ನಿಮ್ಮ ಮನೆಯ ತಂತಿಗೆ ತನ್ನ ಕೈಯಲ್ಲಿದ್ದ ಫೋನ್ ಸಿಕ್ಕಿಸಿ ಎಲ್ಲಿಗೋ ಕರೆ ಮಾಡುತ್ತಿದ್ದರು. ಕರೆ ಹೋದದ್ದು ಕಂಬದಿಂದ. ಆದರೆ ಆ ಕಡೆ ಕಾಣುವ ನಂಬರ್ ನಿಮ್ಮ ಮನೆಯದು. ನರಗಳದೂ ಇದೇ ಕತೆ. ಮೊಣಕೈ ಮೂಳೆಯ ಪಕ್ಕಕ್ಕೆ ಏಟು ಬಿದ್ದರೆ ಕಿರುಬೆರಳಿನವರೆಗೆ ಜುಂ ಎನ್ನುತ್ತದೆ. ಏಟು ಬಿದ್ದದ್ದು ತಂತಿಯ ನಡುವೆ, ವಿಳಾಸ ಮಾತ್ರ ಕಿರುಬೆರಳಿನದು. ಈ ಲೈನ್‌ಮನ್ ಮುಂದೆ ಮತ್ತೆ ಬರುತ್ತಾರೆ.

ಹೆಬ್ಬೆರಳಿನ ತಂತುವಿನ ಬಗ್ಗೆ ಇನ್ನೊಂದು ಸಂಗತಿ. ಅದು ಒಂದೇ ಒಂದು ಜೀವಕೋಶ. ಒಂದು ಮೀಟರಿಗೂ ಉದ್ದ. ಆ ಕೋಶದ ತಿರುಳು, ಅಂದರೆ ಅದನ್ನು ಬದುಕಿಸುವ ಭಾಗ, ಕಾಲಿನಲ್ಲಿ ಇಲ್ಲವೇ ಇಲ್ಲ. ಸೊಂಟದ ಹತ್ತಿರ ಬೆನ್ನುಮೂಳೆಯ ಸಂದಿಯಲ್ಲಿ, ಡಾರ್ಸಲ್ ರೂಟ್ ಗ್ಯಾಂಗ್ಲಿಯಾನ್ ಎಂಬ ಸಣ್ಣ ಗಂಟಿನೊಳಗೆ ಕೂತಿದೆ. ಅಲ್ಲಿಂದ ಒಂದು ಕೈಯನ್ನು ಹೆಬ್ಬೆರಳಿಗೆ ಚಾಚಿದೆ, ಇನ್ನೊಂದನ್ನು ಬೆನ್ನುಹುರಿಯೊಳಗೆ. ಮೊಣಕಾಲಿನ ಕೆಳಗೆ ಕತ್ತರಿಸಿದರೆ ಆ ಕೋಶ ಸಾಯಬೇಕಿಲ್ಲ. ಅದರ ಕೈ ಮಾತ್ರ ತುಂಡಾಗುತ್ತದೆ.

ಬೆನ್ನುಹುರಿಯ ಹಿಂಭಾಗದಲ್ಲಿ, ಡಾರ್ಸಲ್ ಹಾರ್ನ್ ಎಂಬ ಜಾಗದಲ್ಲಿ ಮೊದಲ ಕೋಶ ತನ್ನ ಸುದ್ದಿಯನ್ನು ಎರಡನೆಯದಕ್ಕೆ ದಾಟಿಸುತ್ತದೆ. ಇದನ್ನು ಸುಮ್ನೆ ತಂತಿ ಜೋಡಿಸಿದ ಜಾಗ ಎಂದು ತಿಳಿಯಬೇಡಿ. ಇಲ್ಲೊಂದು ತೂಗಾಟ ನಡೆಯುತ್ತದೆ. ಮುಟ್ಟಿದ್ದನ್ನು, ನೀವಿದ್ದನ್ನು ಹೇಳುವ ದಪ್ಪ ತಂತುಗಳೂ ಇಲ್ಲಿಗೆ ಬರುತ್ತವೆ. ಅವು ನಡುವಿನ ಪುಟ್ಟ ಕೋಶಗಳನ್ನು ಎಬ್ಬಿಸಿ ನೋವಿನ ಸುದ್ದಿಯ ದನಿಯನ್ನು ತಗ್ಗಿಸುತ್ತವೆ. ಮಗು ಬಿದ್ದಾಗ ಅಮ್ಮ ಆ ಜಾಗವನ್ನು ಉಜ್ಜುವುದು ಇದಕ್ಕೇ. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ನೋವಿನ ಸಂಶೋಧಕರು ಇದನ್ನು ಗೇಟಿಗೆ ಹೋಲಿಸಿದರು. ಅವರು ಬರೆದ ನಕ್ಷೆಯ ವಿವರಗಳೆಲ್ಲ ಸರಿ ಇರಲಿಲ್ಲ. ಆದರೆ ಬೆನ್ನುಹುರಿಯಲ್ಲೇ ಸುದ್ದಿ ಜಾಸ್ತಿಯೋ ಕಮ್ಮಿಯೋ ಆಗುತ್ತದೆ ಎಂಬ ಮುಖ್ಯ ಮಾತು ಉಳಿದುಕೊಂಡಿತು. ಜಾಸ್ತಿ ಆಗುವುದೂ ಇದೆ ಎಂಬುದನ್ನು ಮರೆಯಬಾರದು. ತಿಂಗಳುಗಟ್ಟಲೆ ನೋವಿನ ಸಿಗ್ನಲ್ ಬಂದು ಬಡಿಯುತ್ತಿದ್ದರೆ ಡಾರ್ಸಲ್ ಹಾರ್ನಿನ ಕೋಶಗಳು ಸೂಕ್ಷ್ಮವಾಗಿ ಬಿಡುತ್ತವೆ. ಆಮೇಲೆ ಸಣ್ಣ ಸ್ಪರ್ಶಕ್ಕೂ ಕೂಗೆಬ್ಬಿಸುತ್ತವೆ. ದೊಡ್ಡಪ್ಪನ ಹೆಬ್ಬೆರಳಿನ ಹುಣ್ಣು ಆಪರೇಷನ್ನಿಗೆ ಮೊದಲು ಐದು ತಿಂಗಳು ಕಾಡಿತ್ತು. ಕಾಲು ತೆಗೆಯುವ ಮೊದಲು ಹೀಗೆ ನೋವು ತಿಂದವರಿಗೆ ಆಮೇಲೆ ಫ್ಯಾಂಟಮ್ ನೋವು, ಅಂದರೆ ಇಲ್ಲದ ಭಾಗದ ನೋವು, ಬರುವ ಸಾಧ್ಯತೆ ಹೆಚ್ಚು.

ಎರಡನೇ ಕೋಶದ ತಂತು ಬೆನ್ನುಹುರಿಯ ಇನ್ನೊಂದು ಪಕ್ಕಕ್ಕೆ ದಾಟಿ ಮೇಲಕ್ಕೆ ಹತ್ತುತ್ತದೆ. ಹಾಗಾಗಿ ಬಲ ಹೆಬ್ಬೆರಳಿನ ಸುದ್ದಿ ಹೋಗುವುದು ಎಡ ಮೆದುಳಿಗೆ. ಮೆದುಳಿನ ನಡುವಿನ ಥಲಾಮಸ್ಸಿನಿಂದ ಅದು ಹಲವು ಕಡೆ ಹಂಚಿಹೋಗುತ್ತದೆ. ಸೊಮ್ಯಾಟೊಸೆನ್ಸರಿ ಕಾರ್ಟೆಕ್ಸ್‌ನಲ್ಲಿ ಮೈಯ ಒಂದು ನಕ್ಷೆ ಇದೆ, ಎಲ್ಲಿ ನೋಯುತ್ತಿದೆ ಎಂಬುದು ಅಲ್ಲಿ ತಿಳಿಯುತ್ತದೆ. ಇನ್ಸುಲಾ, ಆ್ಯಂಟೀರಿಯರ್ ಸಿಂಗ್ಯುಲೇಟ್ ಎಂಬ ಭಾಗಗಳು ‘ಇದು ಕೆಟ್ಟದ್ದು, ಏನಾದರೂ ಮಾಡು’ ಎಂಬ ಸಂಕಟವನ್ನು ಸೇರಿಸುತ್ತವೆ. ಇವೆರಡೂ ಬೇರೆ ಬೇರೆ ಎನ್ನುವುದಕ್ಕೆ ಸಾಕ್ಷಿ ಇದೆ. ಇನ್ಸುಲಾದ ಸುತ್ತ ಪೆಟ್ಟಾದ ಕೆಲವು ರೋಗಿಗಳು ಸೂಜಿ ಚುಚ್ಚಿದರೆ ‘ಹೌದು, ನೋವಿದೆ’ ಎಂದು ಹೇಳುತ್ತಾರೆ, ಕೈ ಮಾತ್ರ ಹಿಂದಕ್ಕೆ ತೆಗೆಯುವುದಿಲ್ಲ. ಒಬ್ಬೊಬ್ಬರು ನಗುವುದೂ ಉಂಟು. ನೋವು ತಿಳಿಯಿತು, ಆದರೆ ಬಾಧಿಸಲಿಲ್ಲ.

ಇಷ್ಟು ಮೇಲೆ ಹತ್ತುವ ದಾರಿ. ಇಳಿಯುವ ದಾರಿಯ ಬಗ್ಗೆ ಜನ ಮಾತಾಡುವುದು ಕಡಿಮೆ. ನನಗಂತೂ ಅದೇ ಹೆಚ್ಚು ಸೋಜಿಗದ್ದು.

ಎರಡನೇ ಮಹಾಯುದ್ಧದಲ್ಲಿ ಹೆನ್ರಿ ಬೀಚರ್ ಎಂಬ ಅಮೆರಿಕದ ಅರಿವಳಿಕೆ ವೈದ್ಯ ಇಟಲಿಯ ಯುದ್ಧರಂಗದಲ್ಲಿದ್ದರು. ಗಂಭೀರವಾಗಿ ಗಾಯಗೊಂಡ ಸೈನಿಕರನ್ನು ನೋವಿಗೆ ಔಷಧಿ ಬೇಕಾ ಎಂದು ಕೇಳಿದರು. ಪೂರ್ತಿ ಎಚ್ಚರ ಇದ್ದವರಲ್ಲೇ ಮುಕ್ಕಾಲು ಪಾಲು ಜನ ಬೇಡ ಅಂದರು. ಮಾಂಸ ಹರಿದಿತ್ತು, ನೊಸಿಸೆಪ್ಟರುಗಳು ಕೂಗುತ್ತಿದ್ದವು. ಹಾಗಾದರೆ ಆ ಕೂಗು ಎಲ್ಲಿ ಹೋಯಿತು?

1969ರಲ್ಲಿ ಡೇವಿಡ್ ರೆನಾಲ್ಡ್ಸ್ ಎಂಬ ವಿಜ್ಞಾನಿ ಇಲಿಗಳ ಮೆದುಳಿನ ಕಾಂಡದಲ್ಲಿ ಒಂದು ಜಾಗಕ್ಕೆ ಸಣ್ಣ ಕರೆಂಟ್ ಕೊಟ್ಟರು. ಅರಿವಳಿಕೆಯೇ ಇಲ್ಲದೆ ಹೊಟ್ಟೆಯ ಆಪರೇಷನ್ ಮಾಡಿದರೂ ಇಲಿಗಳು ಒದ್ದಾಡಲಿಲ್ಲ. ಆ ಜಾಗದ ಹೆಸರು ಪೆರಿಅಕ್ವಿಡಕ್ಟಲ್ ಗ್ರೇ, ಚಿಕ್ಕದಾಗಿ ಪಿಎಜಿ. ಅದು ಮೆದುಳಿನ ಕಾಂಡದ ಕೆಳತುದಿಯಾದ ಮೆಡುಲ್ಲಾದ ಕೋಶಗಳಿಗೆ ಹೇಳುತ್ತದೆ. ಅವುಗಳ ತಂತುಗಳು ಬೆನ್ನುಹುರಿಯಲ್ಲಿ ಇಳಿದು, ಅದೇ ಡಾರ್ಸಲ್ ಹಾರ್ನಿಗೆ ಬಂದು, ಮೊದಲ ಕೋಶ ಎರಡನೆಯದಕ್ಕೆ ಸುದ್ದಿ ದಾಟಿಸುವುದನ್ನು ತಡೆಯುತ್ತವೆ. ಈ ಕೆಲಸಕ್ಕೆ ಬಳಕೆಯಾಗುವುದು ಸೆರೊಟೋನಿನ್, ನಾರ್‌ಅಡ್ರಿನಲಿನ್, ಜೊತೆಗೆ ಮೈಯೇ ತಯಾರಿಸುವ ಅಫೀಮಿನಂಥ ವಸ್ತುಗಳು. ನಾವು ಹೊರಗಿನಿಂದ ಕೊಡುವ ಮಾರ್ಫಿನ್ ಕೂಡ ಬಹುಪಾಲು ಇದೇ ದಾರಿಯ ಬೀಗಗಳನ್ನು ತೆರೆಯುವ ಕೀಲಿಕೈ.

1978ರ ಇನ್ನೊಂದು ಪ್ರಯೋಗ. ಬುದ್ಧಿಹಲ್ಲು ಕೀಳಿಸಿಕೊಂಡವರಿಗೆ ಔಷಧಿಯ ಬದಲು ಔಷಧಿಯೇ ಅಲ್ಲದ್ದನ್ನು ಕೊಟ್ಟರು. ಕೆಲವರಿಗೆ ನೋವು ಇಳಿಯಿತು. ಆಮೇಲೆ ಮಾರ್ಫಿನ್ನಿನ ಕೆಲಸ ತಡೆಯುವ ನಲೊಕ್ಸೋನ್ ಕೊಟ್ಟಾಗ ಅವರಲ್ಲಿ ನೋವು ಹೆಚ್ಚಾಯಿತು. ಅಂದರೆ ನಂಬಿಕೆಯಿಂದ ಇಳಿದ ನೋವಿಗೂ ಮೈಯೊಳಗಿನ ಅಫೀಮೇ ಕಾರಣ ಎಂದಾಯಿತು. ‘ಎಲ್ಲ ಮನಸ್ಸಿನಲ್ಲಿ’ ಎಂದು ತಳ್ಳಿಹಾಕುವವರಿಗೆ ನಾನು ಈ ಪ್ರಯೋಗವನ್ನು ಹೇಳುತ್ತೇನೆ. ಮನಸ್ಸಿನಿಂದ ಬೆನ್ನುಹುರಿಗೆ ತಂತಿ ಇದೆ ಸ್ವಾಮಿ.

ಆ ತಂತಿ ಎರಡೂ ಕೆಲಸ ಮಾಡುತ್ತದೆ. ಮೆಡುಲ್ಲಾದಲ್ಲಿ ನೋವನ್ನು ತಗ್ಗಿಸುವ ಕೋಶಗಳ ಪಕ್ಕದಲ್ಲೇ ಏರಿಸುವ ಕೋಶಗಳೂ ಇವೆ. ಭಯ, ನಿದ್ದೆಗೇಡು, ‘ಇವತ್ತು ರಾತ್ರಿನೂ ಬರುತ್ತೆ’ ಎಂಬ ಕಾಯುವಿಕೆ ಏರಿಸುವ ಕಡೆಗೆ ತೂಕ ಹಾಕುತ್ತವೆ. ದೊಡ್ಡಪ್ಪನ ನೋವು ಹಗಲು ಜನ ಬಂದು ಹೋಗುವಾಗ ಕಮ್ಮಿ, ಎಲ್ಲ ಮಲಗಿದ ಮೇಲೆ ಜಾಸ್ತಿ ಆಗುತ್ತಿದ್ದುದರಲ್ಲಿ ಇದರ ಪಾಲೂ ಇರಬೇಕು. ಡಾಕ್ಟರ್ ರಾತ್ರಿಗೆ ಅಮಿಟ್ರಿಪ್ಟಿಲಿನ್ ಬರೆದುಕೊಟ್ಟಾಗ ಮನೆಯಲ್ಲಿ ಗಲಾಟೆಯಾಯಿತು. “ಅದು ಖಿನ್ನತೆಯ ಮಾತ್ರೆ ಅಂತೆ, ನನಗೇನು ಹುಚ್ಚಾ?” ಆ ಮಾತ್ರೆ ಸೆರೊಟೋನಿನ್ ಮತ್ತು ನಾರ್‌ಅಡ್ರಿನಲಿನ್ ನರಗಳ ನಡುವೆ ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತದೆ. ಇಳಿಯುವ ದಾರಿಗೆ ಬಲ ಕೊಡುವುದು ಉದ್ದೇಶ. ನರದ ನೋವಿಗೆ ಕೊಡುವ ಪ್ರಮಾಣವೂ ಸಾಮಾನ್ಯವಾಗಿ ಖಿನ್ನತೆಗೆ ಕೊಡುವುದಕ್ಕಿಂತ ಕಡಿಮೆ. ಆದರೆ ಫ್ಯಾಂಟಮ್ ನೋವಿಗೇ ಅದು ಕೆಲಸ ಮಾಡುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಬೇರೆ ನರದ ನೋವುಗಳ ಅನುಭವದ ಮೇಲೆ ಕೊಡುತ್ತಾರೆ.

ಈಗ ಇಲ್ಲದ ಹೆಬ್ಬೆರಳಿಗೆ ಬರೋಣ. ‘ಫ್ಯಾಂಟಮ್ ಲಿಂಬ್’ ಎಂಬ ಹೆಸರು ಬಂದದ್ದು 1871ರಲ್ಲಿ. ಅಮೆರಿಕದ ಅಂತರ್ಯುದ್ಧದಲ್ಲಿ ಕೈಕಾಲು ಕಳೆದುಕೊಂಡವರನ್ನು ನೋಡಿಕೊಂಡಿದ್ದ ಸೈಲಾಸ್ ವೇರ್ ಮಿಚೆಲ್ ಎಂಬ ವೈದ್ಯ ಕೊಟ್ಟ ಹೆಸರು. ದೆವ್ವದಂಥ ಕಾಲು. ನೋವಿಲ್ಲದೆ ಬರೀ ಕಾಲು ಇದೆ ಎನಿಸುವುದು ಬೇರೆ. ಅದು ಬಹುತೇಕ ಎಲ್ಲರಿಗೂ ಆಗುತ್ತದೆ, ಅದಕ್ಕೆ ಚಿಕಿತ್ಸೆಯೂ ಬೇಕಿಲ್ಲ. ಕತ್ತರಿಸಿದ ಮೋಟಿನಲ್ಲೇ ನೋವು ಬರುವುದು ಇನ್ನೊಂದು. ಅದಕ್ಕೆ ಸೋಂಕು, ಮೂಳೆಯ ಚೂಪು, ಸರಿಯಾಗಿ ಕೂರದ ಕೃತಕ ಕಾಲು ಹೀಗೆ ಕಾರಣ ಹುಡುಕಬೇಕು. ಮೂರನೆಯದು ಇಲ್ಲದ ಜಾಗದ ನೋವು. ಕೇಳುವಾಗ ಈ ಮೂರನ್ನೂ ಬೇರೆ ಮಾಡಿಕೊಳ್ಳದೆ ಔಷಧಿ ಬದಲಾಯಿಸುತ್ತಾ ಹೋದರೆ ಉಪಯೋಗವಿಲ್ಲ.

ಮೊದಲ ಅನುಮಾನ ಲೈನ್‌ಮನ್ ಮೇಲೆ. ತುಂಡಾದ ನರ ಮತ್ತೆ ಬೆಳೆಯಲು ನೋಡುತ್ತದೆ. ಮುಂದೆ ದಾರಿ ಸಿಗದೆ ಮೋಟಿನ ಒಳಗೆ ಸಿಕ್ಕುಸಿಕ್ಕಾಗಿ ಸುತ್ತಿಕೊಂಡು ಗಂಟಾಗುತ್ತದೆ. ಇದು ನ್ಯೂರೋಮಾ. ಅಲ್ಲಿ ಸೋಡಿಯಂ ಒಳಬಿಡುವ ಬಾಗಿಲುಗಳು ಗುಂಪುಗೂಡಿ, ಯಾರೂ ಮುಟ್ಟದೆಯೂ ಸಿಗ್ನಲ್ ಹೊರಡುತ್ತದೆ. ಕರೆ ಕಂಬದಿಂದ ಬರುತ್ತಿದೆ, ಮೆದುಳಿಗೆ ಕಾಣುವ ನಂಬರ್ ಹೆಬ್ಬೆರಳಿನದು. ಪರೀಕ್ಷಿಸುವುದು ಸುಲಭ. ನಾನು ದೊಡ್ಡಪ್ಪನ ಮೋಟಿನ ಸುತ್ತ ಬೆರಳ ತುದಿಯಿಂದ ಮೆತ್ತಗೆ ತಟ್ಟುತ್ತಾ ಹೋದೆ. ಹೊರಪಕ್ಕದ ಒಂದು ಜಾಗಕ್ಕೆ ಬಂದಾಗ “ಅಲ್ಲೇ! ಹೆಬ್ಬೆರಳಿಗೆ ಕರೆಂಟ್ ಹೊಡೀತು” ಅಂದರು.

ಹಾಗಾದರೆ ಆ ಗಂಟಿಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟರೆ ಮುಗಿಯಿತಲ್ಲ? ಕೆಲವರಿಗೆ ನೋವು ಹೋಗುತ್ತದೆ, ಕೆಲವರಿಗೆ ಹೋಗುವುದಿಲ್ಲ. ಒಗಟು ಶುರುವಾಗುವುದು ಇಲ್ಲಿಂದ. ಇಸ್ರೇಲಿನ ಸಂಶೋಧಕ ಮಾರ್ಷಲ್ ಡೆವೋರ್ ಮತ್ತು ಅಲ್ಬೇನಿಯಾದ ವೈದ್ಯರು 2014ರಲ್ಲಿ ಇನ್ನೂ ಮೇಲೆ ಹುಡುಕಿದರು. ಬೆನ್ನುಮೂಳೆಯ ಸಂದಿಯ ಆ ಗ್ಯಾಂಗ್ಲಿಯಾನಿನ ಹತ್ತಿರ, ಅಂದರೆ ಕೋಶದ ತಿರುಳು ಇರುವಲ್ಲಿ, ಲಿಗ್ನೋಕೇನ್ ಎಂಬ ಮರಗಟ್ಟಿಸುವ ಔಷಧಿ ಕೊಟ್ಟರು. ಬಹುಪಾಲು ಜನರಲ್ಲಿ ಫ್ಯಾಂಟಮ್ ನೋವು ಕೆಲವೇ ನಿಮಿಷಗಳಲ್ಲಿ ಇಳಿಯಿತು. ಔಷಧಿಯ ಪ್ರಭಾವ ಮುಗಿದ ಮೇಲೆ ಮರಳಿತು. ಗಂಟಿನಿಂದಲ್ಲದೆ ಕೋಶದ ಬುಡದಿಂದಲೂ ಕರೆ ಹೋಗುತ್ತಿರಬಹುದು ಎಂಬುದು ಅವರ ವಾದ.

ಇನ್ನೊಂದು ಗುಂಪು ಮೆದುಳಿನ ನಕ್ಷೆಯನ್ನೇ ಹಿಡಿದುಕೊಂಡಿತು. ಆ ನಕ್ಷೆಯಲ್ಲಿ ಕೈಯ ಪಕ್ಕ ಮುಖ ಇದೆ. ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1990ರ ದಶಕದಲ್ಲಿ ಕೈ ಕಳೆದುಕೊಂಡವರ ಕೆನ್ನೆಯನ್ನು ಹತ್ತಿಯ ಕಡ್ಡಿಯಿಂದ ಮುಟ್ಟಿದರು. ಕೆಲವರಿಗೆ ಇಲ್ಲದ ಬೆರಳು ಮುಟ್ಟಿದಂತಾಯಿತು! ಖಾಲಿ ಬಿದ್ದ ಕೈಯ ಜಾಗಕ್ಕೆ ಮುಖ ಒತ್ತುವರಿ ಮಾಡಿದೆ ಎಂದು ಅರ್ಥ ಮಾಡಿದರು. 1995ರಲ್ಲಿ ಜರ್ಮನಿಯ ಹೆರ್ಟಾ ಫ್ಲೋರ್ ಮತ್ತು ಜೊತೆಗಾರರು ಒತ್ತುವರಿ ಎಷ್ಟು ಜಾಸ್ತಿಯೋ ಫ್ಯಾಂಟಮ್ ನೋವೂ ಅಷ್ಟು ಜಾಸ್ತಿ ಎಂದು ತೋರಿಸಿದರು. ನಾನು ಓದುವಾಗ ಇದನ್ನೇ ಪಾಠ ಮಾಡಿದ್ದರು. ಪರೀಕ್ಷೆಯಲ್ಲಿ ಬರೆದು ಮಾರ್ಕ್ಸೂ ತಗೊಂಡೆ.

ಆಮೇಲೆ ತಮಾರ್ ಮೇಕಿನ್ ಎಂಬ ನರವಿಜ್ಞಾನಿ ಬೇರೆ ಥರ ಕೇಳಿದರು. ಮುಖವನ್ನು ಮುಟ್ಟಿ ನೋಡುವ ಬದಲು, ಇಲ್ಲದ ಕೈಯನ್ನೇ ಆಡಿಸಿ ಅಂದರು. ಎಂಆರ್‌ಐ ಒಳಗೆ ಜನ ಫ್ಯಾಂಟಮ್ ಬೆರಳುಗಳನ್ನು ಮಡಚಿದಾಗ ಕೈಯ ಹಳೇ ಜಾಗವೇ ಬೆಳಗಿತು. ನೋವು ಹೆಚ್ಚಿದ್ದವರಲ್ಲಿ ಆ ಜಾಗ ಇನ್ನೂ ಚೆನ್ನಾಗಿ ಉಳಿದಿತ್ತು ಎಂದು 2013ರಲ್ಲಿ ಬರೆದರು. 2025ರಲ್ಲಿ ಬಂದ ಅವರ ತಂಡದ ಅಧ್ಯಯನ ಇನ್ನೂ ನೇರವಾದದ್ದು. ಕೈ ತೆಗೆಯುವುದು ನಿಗದಿಯಾಗಿದ್ದ ಮೂವರನ್ನು ಆಪರೇಷನ್ನಿಗೆ ಮೊದಲೂ, ಆಮೇಲೂ ಸ್ಕ್ಯಾನ್ ಮಾಡಿದರು. ಬೆರಳುಗಳ ನಕ್ಷೆ ಹೆಚ್ಚುಕಡಿಮೆ ಹಾಗೇ ಇತ್ತು. ತುಟಿಯ ಜಾಗ ಕೈಯ ಜಾಗಕ್ಕೆ ನುಗ್ಗಿರಲಿಲ್ಲ. ಮೂವರೇ ಎಂಬುದು ನಿಜ. ಆದರೆ ಹಿಂದಿನ ಅಧ್ಯಯನಗಳು ಕೈ ಇಲ್ಲದವರನ್ನು ಕೈ ಇರುವ ಬೇರೆಯವರ ಜೊತೆ ಹೋಲಿಸುತ್ತಿದ್ದವು, ಇಲ್ಲಿ ಅದೇ ಮನುಷ್ಯನ ಮೊದಲು ಮತ್ತು ಆಮೇಲೆ ಎರಡೂ ಸಿಕ್ಕಿವೆ. ನನ್ನ ಒಲವು ಈಗ ಈ ಕಡೆ. ಮನೆ ಬಿದ್ದಿದೆ, ಆದರೆ ಮೆದುಳಿನ ಫೋನ್ ಬುಕ್ಕಿನಲ್ಲಿ ನಂಬರ್ ಅಳಿಸಿಲ್ಲ. ಕೆಳಗಿನಿಂದ ಕರೆ ಬಂದರೆ ಹಳೇ ಹೆಸರೇ ಮೂಡುತ್ತದೆ. ಬೆನ್ನುಹುರಿ ಅದನ್ನು ಜೋರು ಮಾಡುತ್ತದೆ, ಇಳಿಯುವ ದಾರಿ ಅದನ್ನು ತಗ್ಗಿಸುತ್ತದೆ ಇಲ್ಲವೇ ಏರಿಸುತ್ತದೆ. ಯಾರಲ್ಲಿ ಯಾವುದರ ಪಾಲು ಎಷ್ಟು ಎಂಬುದು ಮಾತ್ರ ಒಬ್ಬೊಬ್ಬರಿಗೆ ಒಂದೊಂದು ಥರ.

ಇದರಿಂದ ಒಂದು ಸರಳ ಆಪರೇಷನ್ ವಿಚಾರ ಹುಟ್ಟಿದೆ. ತುಂಡಾದ ನರದ ತುದಿಯನ್ನು ಗಂಟಾಗಲು ಬಿಡದೆ, ಪಕ್ಕದ ಸ್ನಾಯುವಿನ ಸಣ್ಣ ನರಕ್ಕೆ ಹೊಲಿಯುವುದು. ಬೆಳೆಯಲು ದಾರಿ ಸಿಕ್ಕಿದ ನರ ಸುಮ್ಮನಾಗುತ್ತದೆ ಎಂಬ ಲೆಕ್ಕ. ಫಲ ಚೆನ್ನಾಗಿದೆ ಎನ್ನುವ ವರದಿಗಳಿವೆ, ಆದರೆ ಅದನ್ನು ಮಾಡಬಲ್ಲ ಸರ್ಜನ್ನರು ಎಲ್ಲ ಊರಲ್ಲೂ ಸಿಗುವುದಿಲ್ಲ.

ರಾಮಚಂದ್ರನ್ನರ ವಿವರಣೆ ಅಲುಗಾಡಿದರೂ, ಇರುವ ಕೈಕಾಲಿನ ಬಿಂಬವನ್ನು ಇಲ್ಲದ್ದರ ಜಾಗದಲ್ಲಿ ತೋರಿಸುವ ಅವರ ಕನ್ನಡಿ ಚಿಕಿತ್ಸೆ ಉಳಿದಿದೆ. 2007ರಲ್ಲಿ ಅಮೆರಿಕದ ಸೈನಿಕ ಆಸ್ಪತ್ರೆಯೊಂದರಲ್ಲಿ ಕಾಲು ಕಳೆದುಕೊಂಡ 18 ಜನರ ಮೇಲೆ ಇದನ್ನು ಪರೀಕ್ಷಿಸಿದರು. ದಿನಕ್ಕೆ 15 ನಿಮಿಷ, ನಾಲ್ಕು ವಾರ. ಆರು ಜನಕ್ಕೆ ಕನ್ನಡಿ, ಆರು ಜನಕ್ಕೆ ಬಟ್ಟೆ ಮುಚ್ಚಿದ ಕನ್ನಡಿ, ಇನ್ನಾರು ಜನ ಕಣ್ಣು ಮುಚ್ಚಿ ಕಲ್ಪಿಸಿಕೊಂಡರು. ಕನ್ನಡಿ ನೋಡಿದ ಆರೂ ಜನರಿಗೆ ನೋವು ಇಳಿಯಿತು. ಬಟ್ಟೆ ಮುಚ್ಚಿದ ಗುಂಪಿನಲ್ಲಿ ಒಬ್ಬರಿಗೆ ಮಾತ್ರ. ಕಲ್ಪಿಸಿಕೊಂಡವರಲ್ಲಿ ಹೆಚ್ಚಿನವರಿಗೆ ನೋವು ಜಾಸ್ತಿಯೇ ಆಯಿತು. ಆಮೇಲಿನ ಅಧ್ಯಯನಗಳಲ್ಲಿ ಫಲ ಇಷ್ಟು ಚೊಕ್ಕವಾಗಿ ಬಂದಿಲ್ಲ. ಆದರೂ ಕನ್ನಡಿಗೆ ದುಡ್ಡು ಹೆಚ್ಚು ಬೇಕಿಲ್ಲ, ಅಡ್ಡಪರಿಣಾಮವೂ ಕಮ್ಮಿ. ಹಾಗಾಗಿ ನಾನು ಮೊದಲು ಹೇಳುವುದು ಅದನ್ನೇ.

ಬೀರುವಿನ ಹಳೇ ಉದ್ದ ಕನ್ನಡಿಯನ್ನು ದೊಡ್ಡಪ್ಪನ ಎರಡು ಕಾಲುಗಳ ನಡುವೆ ನಿಲ್ಲಿಸಿದೆವು. ಮೋಟು ಕನ್ನಡಿಯ ಹಿಂದೆ, ಎಡಗಾಲು ಮುಂದೆ. ಕನ್ನಡಿಯಲ್ಲಿ ಕಾಣುವ ಎಡಗಾಲಿನ ಬಿಂಬ ಥೇಟ್ ಬಲಗಾಲಿನ ಜಾಗದಲ್ಲಿ ಕೂರುತ್ತದೆ. ಎಡ ಹೆಬ್ಬೆರಳನ್ನು ನಿಧಾನವಾಗಿ ಮಡಚಿ, ಬಿಡಿಸಿ, ಬಿಂಬವನ್ನೇ ನೋಡಿ ಅಂದೆ. ಮೊದಲ ವಾರ “ಮಕ್ಕಳಾಟ” ಎಂದು ಬೈದರು. ಎರಡನೇ ವಾರ ತಿರುಚಿಕೊಂಡ ಬೆರಳು ಸ್ವಲ್ಪ ಸಡಿಲವಾದ ಹಾಗಿದೆ ಅಂದರು. ಹತ್ತಕ್ಕೆ ಎಂಟು ಎನ್ನುತ್ತಿದ್ದ ನೋವು ಈಗ ನಾಲ್ಕರ ಸುತ್ತ ಇದೆ. ಮಾತ್ರೆಯದೋ, ಕನ್ನಡಿಯದೋ, ದಿನ ಕಳೆದಿದ್ದರದೋ, ಬೇರೆ ಮಾಡಿ ಹೇಳಲಾಗದು.

ನವೆ ಮಾತ್ರ ಹೋಗಿಲ್ಲ. ಇಲ್ಲದ ಅಂಗಾಲಿನಲ್ಲಿ ರಾತ್ರಿ ಹೊತ್ತು ನವೆ. ಅದಕ್ಕೆ ದೊಡ್ಡಮ್ಮನೇ ಒಂದು ಉಪಾಯ ಕಂಡುಕೊಂಡಿದ್ದಾರೆ. ಕನ್ನಡಿ ನಿಲ್ಲಿಸಿ, ದೊಡ್ಡಪ್ಪನಿಗೆ ಅದರಲ್ಲೇ ನೋಡಲು ಹೇಳಿ, ತಾವು ಎಡ ಅಂಗಾಲು ಕೆರೆಯುತ್ತಾರೆ. “ಇನ್ನು ಸ್ವಲ್ಪ ಕೆಳಗೆ” ಎನ್ನುತ್ತಾರಂತೆ ಅವರು.